ಮೀನು ಪ್ರಸಾದದ ನಂತರ ಉಸಿರು ಹಗುರವಾದರೆ ಶ್ವಾಸನಾಳವೂ ತೆರೆದಿದೆ ಎಂದು ತಿಳಿಯಬಹುದೇ?

ಬೀದರಿನ ಓದುಗ

ನನ್ನ ತಮ್ಮನಿಗೆ ಚಿಕ್ಕಂದಿನಿಂದ ಉಬ್ಬಸವಿದೆ. ಈ ಸಲ ಮೃಗಶಿರಾ ಮಳೆ ಹೂಡುವ ಹೊತ್ತಿಗೆ ಅವನು ಹೈದರಾಬಾದಿಗೆ ಹೋಗಿ, ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಬಾಯಲ್ಲಿ ಹಳದಿ ಲೇಹ್ಯವಿಟ್ಟ ಜೀವಂತ ಮೀನನ್ನು ನುಂಗಿ ಬಂದಿದ್ದಾನೆ. ನಮ್ಮ ಕಡೆಯಿಂದ ಪ್ರತಿ ಜೂನ್‌ನಲ್ಲಿ ಬಹಳ ಜನ ಹೋಗುತ್ತಾರೆ. ಅಲ್ಲಿ ಹಣ ಕೇಳುವುದಿಲ್ಲ. ಸತತ ಮೂರು ವರ್ಷ ತೆಗೆದುಕೊಳ್ಳಬೇಕು, ಪಥ್ಯ ಮಾಡಬೇಕು ಎಂಬ ನಿಯಮವಿದೆ. ಬಂದ ದಿನದಿಂದ ಉಸಿರು ಹಗುರವಾಗಿದೆ ಎಂದು ಅವನು ಹೇಳುತ್ತಾನೆ. ಮುಖದಲ್ಲಿಯೂ ಗೆಲುವು ಕಾಣುತ್ತದೆ. ಆದರೆ ದಿನವೂ ಎಳೆದುಕೊಳ್ಳುತ್ತಿದ್ದ ಇನ್ಹೇಲರನ್ನು ಬಿಟ್ಟಿದ್ದಾನೆ.

ನಮ್ಮ ಸಂಬಂಧಿಕರೊಬ್ಬರು ಇದನ್ನು ಕೇಳಿ, ಅದು ಬರೀ ಪ್ಲಸೀಬೊ, ಅಂದರೆ ಔಷಧದ ಗುಣವಿಲ್ಲದೆ ನಂಬಿಕೆಯಿಂದಲೇ ಆಗುವ ಹಿತ, ಎಂದು ಮಾತು ಮುಗಿಸಿದರು. ಪ್ರಸಾದದೊಳಗಿನ ಮೂಲಿಕೆಯಲ್ಲಿ ಗುಣವಿದೆಯೋ ಇಲ್ಲವೋ ಎಂಬುದನ್ನು ನಾನು ಇಲ್ಲಿ ಕೇಳುತ್ತಿಲ್ಲ. ಅವರು ಹೇಳಿದ್ದೇ ನಿಜವೆಂದು ಇಟ್ಟುಕೊಂಡರೂ ಅವನಿಗೆ ಆಗಿರುವ ಹಿತ ಸುಳ್ಳಲ್ಲವಲ್ಲ? ಹಾಗಾದರೆ ಬದಲಾದದ್ದು ಏನು, ಎದೆಯೊಳಗಿನದೋ ಮನಸ್ಸಿನೊಳಗಿನದೋ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ತುಂಗಾತೀರ

ಮನಸ್ಸಿನ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ತಜ್ಞರು 1955ರಲ್ಲಿಯೇ ಈ ಬಗ್ಗೆ ಬರೆದಿದ್ದರು. ಔಷಧವೇ ಇಲ್ಲದ ಗುಳಿಗೆಯಿಂದ ಸುಮಾರು ಶೇ 35ರಷ್ಟು ರೋಗಿಗಳು ಗುಣವಾಗುತ್ತಾರೆ ಎಂಬುದು ಅವರ ಲೆಕ್ಕ. ನೂರರಲ್ಲಿ ಮೂವತ್ತೈದು ಮಂದಿಯನ್ನು ನಂಬಿಕೆಯೇ ಗುಣಪಡಿಸುವುದಾದರೆ, ನಿಮ್ಮ ತಮ್ಮನ ನಂಬಿಕೆಯನ್ನು ಕದಡದಿರುವುದೇ ಒಳ್ಳೆಯದು.

ಗಣಿತ ಮೇಷ್ಟ್ರು

ತುಂಗಾತೀರ ಅವರು ಹೇಳಿದ ಹೆಸರು, ವರ್ಷ, ಅಂಕಿ ಮೂರೂ ಸರಿಯಾಗಿವೆ, ಆದರೆ ಅವುಗಳಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ. ಬೀಚರ್ ಎಣಿಸಿದ್ದು ಹುಸಿ ಗುಳಿಗೆ ತೆಗೆದುಕೊಂಡವರಲ್ಲಿ ಎಷ್ಟು ಜನರಿಗೆ ವಾಸಿ ಎನಿಸಿತು ಎಂಬುದನ್ನು. ಏನನ್ನೂ ತೆಗೆದುಕೊಳ್ಳದೆ ಸುಮ್ಮನಿದ್ದವರಲ್ಲಿ ಎಷ್ಟು ಜನರಿಗೆ ವಾಸಿಯಾಗುತ್ತಿತ್ತು ಎಂಬ ಅಂಕಿಯನ್ನು ಅದರಿಂದ ಕಳೆಯಲೇ ಇಲ್ಲ. ತಲೆನೋವು, ನೆಗಡಿ, ಕೆಮ್ಮು ತಾವಾಗಿಯೇ ಇಳಿಯುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಏರುಪೇರಾಗುವ ಕಾಯಿಲೆಯಿರುವವರು ಮದ್ದು ಹುಡುಕಿಕೊಂಡು ಹೊರಡುವುದು ಅದು ಅತಿ ಹೆಚ್ಚಿರುವಾಗಲೇ. ಶಿಖರದಲ್ಲಿರುವಾಗ ಏನು ಮಾಡಿದರೂ, ಏನೂ ಮಾಡದಿದ್ದರೂ, ಮುಂದಿನ ವಾರ ಸ್ವಲ್ಪ ಇಳಿಮುಖವಾಗಿರುವ ಸಂಭವವೇ ಹೆಚ್ಚು. ಕಾಮಾಲೆಗೆ ಕೊಡುವ ನಾಟಿ ಔಷಧಿಗಳಿಗೆ ನಮ್ಮಲ್ಲಿ ಎಷ್ಟು ಹೆಸರಿದೆ ನೋಡಿ. ಹೆಪಟೈಟಿಸ್ ಎ ವೈರಸ್ಸಿನಿಂದ ಬಂದ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ, ಕೀರ್ತಿ ಮಾತ್ರ ಔಷಧಿಗೆ ಸಲ್ಲುತ್ತದೆ.

ಕಳೆಯಬೇಕಾದದ್ದನ್ನು ಕಳೆದು ನೋಡಿದವರು ಡೆನ್ಮಾರ್ಕಿನ ರೋಬ್ಯಾರ್ಟ್ಸನ್ ಮತ್ತು ಗಾಟ್ಶೆ. ಹುಸಿ ಚಿಕಿತ್ಸೆ ಪಡೆದವರು ಮತ್ತು ಚಿಕಿತ್ಸೆಯನ್ನೇ ಪಡೆಯದವರು ಇಬ್ಬರೂ ಇದ್ದ 114 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಬಹಳ ಜನರಿಗೆ ನಿರಾಸೆ ತಂದಿತು. ನೋವಿನಂತಹ, ರೋಗಿಯೇ ಬಾಯಿಬಿಟ್ಟು ಹೇಳಬೇಕಾದ ವಿಷಯಗಳಲ್ಲಿ ಸಣ್ಣ ಪರಿಣಾಮ ಕಂಡಿತು. ಉಪಕರಣದಿಂದ ಅಳೆಯುವ ವಿಷಯಗಳಲ್ಲಿ ಗಮನಾರ್ಹವಾದದ್ದೇನೂ ಕಾಣಲಿಲ್ಲ.

ರಾಯಚೂರಿನ ಅಕ್ಕ

ನನಗೆ ಈ ಮಾತುಕತೆ ಓದಿ ಬೇಸರವಾಯಿತು. ಉಬ್ಬಸವೆಂಬುದು ಮನಸ್ಸಿನ ಭ್ರಮೆ ಎಂದು ನೀವೆಲ್ಲ ಹೇಳುತ್ತಿದ್ದೀರಾ? ನನ್ನ ಮಗಳಿಗೆ ನಡುರಾತ್ರಿ ಉಸಿರು ಸಿಗದೆ ತುಟಿ ನೀಲಿಯಾಗಿ ಆಸ್ಪತ್ರೆಗೆ ಹೊತ್ತುಕೊಂಡು ಓಡಿದವಳು ನಾನು. ಅವಳು ನಾಟಕ ಮಾಡುತ್ತಿರಲಿಲ್ಲ.

ಶ್ವಾಸವೈದ್ಯೆ

ಅಕ್ಕಾ, ಯಾರೂ ಹಾಗೆ ಹೇಳುತ್ತಿಲ್ಲ, ಹೇಳಿದ್ದರೆ ಅದು ತಪ್ಪಾಗುತ್ತಿತ್ತು. ಉಬ್ಬಸದಲ್ಲಿ ಶ್ವಾಸನಾಳದ ಒಳಪದರ ಊದಿಕೊಂಡಿರುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಇದು ಅಳೆಯಬಹುದಾದ ಕಾಯಿಲೆ. ಅಳೆಯಬಹುದು ಎಂಬ ಕಾರಣಕ್ಕಾಗಿಯೇ ಬೀದರಿನವರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅವರು ಕೇಳಿದ ಪ್ರಶ್ನೆಯನ್ನೇ ಹೆಚ್ಚುಕಡಿಮೆ ಬಾಸ್ಟನ್ನಿನಲ್ಲಿ ಮೈಕೇಲ್ ವೆಕ್ಸ್‌ಲರ್, ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿ 2011ರಲ್ಲಿ ಪ್ರಕಟಿಸಿದರು.

ಅವರು ಮಾಡಿದ ಕ್ರಮ ಹೀಗಿತ್ತು. ಉಬ್ಬಸವಿರುವ 46 ಮಂದಿಯನ್ನು ಸೇರಿಸಿಕೊಂಡರು. 39 ಮಂದಿ ಕೊನೆಯವರೆಗೆ ಉಳಿದರು. ಒಬ್ಬೊಬ್ಬರೂ ಹನ್ನೆರಡು ಸಲ ಬರಬೇಕಿತ್ತು. ಒಂದೊಂದು ಭೇಟಿಯಲ್ಲಿ ನಾಲ್ಕರಲ್ಲಿ ಒಂದನ್ನು ಅನುಕ್ರಮ ತಪ್ಪಿಸಿ ಕೊಡುತ್ತಿದ್ದರು: ಶ್ವಾಸನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ತುಂಬಿದ ನಿಜವಾದ ಇನ್ಹೇಲರ್, ಔಷಧವಿಲ್ಲದ ಇನ್ಹೇಲರ್, ಚರ್ಮವನ್ನು ಚುಚ್ಚದೆ ತನ್ನ ಹಿಡಿಯೊಳಗೇ ಸರಿಯುವ ಸೂಜಿಯಿಂದ ಮಾಡಿದ ಹುಸಿ ಅಕ್ಯುಪಂಕ್ಚರ್, ಇಲ್ಲವೇ ಏನೂ ಕೊಡದೆ ಸುಮ್ಮನೆ ಕೂರಿಸುವುದು. ಆಮೇಲೆ ಎರಡು ಗಂಟೆಗಳ ಕಾಲ ಮತ್ತೆ ಮತ್ತೆ ಸ್ಪೈರೋಮೀಟರಿಗೆ ಊದಿಸಿ, ಬಲವಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂದು ಅಳೆದರು. ಜೊತೆಗೆ, ನಿಮಗೆ ಎಷ್ಟು ಹಿತವೆನಿಸಿತು ಎಂದೂ ಕೇಳಿದರು.

ಸ್ಪೈರೋಮೀಟರ್ ಹೇಳಿದ್ದು: ನಿಜವಾದ ಇನ್ಹೇಲರಿನಿಂದ ಶೇ 20ರಷ್ಟು ಸುಧಾರಣೆ, ಉಳಿದ ಮೂರರಲ್ಲಿಯೂ ಸುಮಾರು ಶೇ 7. ಸುಮ್ಮನೆ ಕುಳಿತವರಲ್ಲಿಯೂ ಅದೇ 7 ಬಂದಿರುವುದನ್ನು ಗಮನಿಸಿ. ಅಂದರೆ ಅದು ಮೇಷ್ಟ್ರು ಹೇಳಿದ ತಾನಾಗಿ ಆಗುವ ಏರಿಳಿತ. ಹುಸಿ ಚಿಕಿತ್ಸೆ ಅದರ ಮೇಲೆ ಏನನ್ನೂ ಸೇರಿಸಲಿಲ್ಲ. ರೋಗಿಗಳು ಹೇಳಿದ್ದು ಬೇರೆ. ನಿಜವಾದ ಇನ್ಹೇಲರಿಗೆ ಶೇ 50ರಷ್ಟು ಹಿತ, ಖಾಲಿ ಇನ್ಹೇಲರಿಗೆ 45, ಹುಸಿ ಸೂಜಿಗೆ 46, ಸುಮ್ಮನೆ ಕುಳಿತದ್ದಕ್ಕೆ 21. ರೋಗಿಯ ಅನುಭವದಲ್ಲಿ ಔಷಧಕ್ಕೂ ಹುಸಿಗೂ ವ್ಯತ್ಯಾಸವೇ ಇಲ್ಲದಂತಾಯಿತು, ಶ್ವಾಸನಾಳದಲ್ಲಿ ಮಾತ್ರ ಮೂರು ಪಟ್ಟು ವ್ಯತ್ಯಾಸ ಉಳಿಯಿತು.

ಹೀಗಾಗಿ ತಮ್ಮನಿಗೆ ಹಿತವಾಗಿದೆ ಎಂಬುದನ್ನು ನಾನು ಪೂರ್ತಿಯಾಗಿ ನಂಬುತ್ತೇನೆ. ಆ ಹಿತ ಅವನ ಶ್ವಾಸನಾಳದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದೇ ನನ್ನ ಆತಂಕ. ಅವನು ಬಿಟ್ಟಿರುವುದು ದಿನವೂ ಎಳೆದುಕೊಳ್ಳುವ, ಊತ ಇಳಿಸುವ ಸ್ಟೀರಾಯ್ಡ್ ಇನ್ಹೇಲರ್ ಆಗಿರಬೇಕು. ಅದನ್ನು ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಊತ ವಾರಗಳ ಮೇಲೆ ನಿಧಾನವಾಗಿ ಮರಳುತ್ತದೆ. ಆದ್ದರಿಂದ ಬಿಟ್ಟರೂ ಚೆನ್ನಾಗಿದ್ದೇನಲ್ಲ ಎಂಬ ಧೈರ್ಯ ಬಹಳ ಸುಲಭವಾಗಿ ಬರುತ್ತದೆ.

ಧಾರವಾಡದ ಅಧ್ಯಾಪಕಿ

ಡಾಕ್ಟರ್ ಮೇಡಂ ವಿವರಿಸಿದ ಪರೀಕ್ಷೆಯನ್ನು ನಾನು ಮನಶ್ಶಾಸ್ತ್ರದ ತರಗತಿಯಲ್ಲಿ ಪಾಠ ಮಾಡುತ್ತೇನೆ. ವೈದ್ಯರು ಅದರಲ್ಲಿ ನೋಡುವುದು 20 ಮತ್ತು 7ರ ಅಂತರವನ್ನು. ನಮ್ಮ ಶಾಸ್ತ್ರದವರು ನೋಡುವುದು 45 ಮತ್ತು 21ರ ಅಂತರವನ್ನು. ಖಾಲಿ ಡಬ್ಬಿಯಿಂದ ಗಾಳಿ ಎಳೆದವನಿಗೂ ಸುಮ್ಮನೆ ಕುಳಿತವನಿಗೂ ಎದೆಯೊಳಗಿನ ಸ್ಥಿತಿ ಒಂದೇ ಆಗಿದ್ದಾಗ, ಈ ಹೆಚ್ಚಿನ ಹಿತ ಎಲ್ಲಿಂದ ಬಂತು ಎಂಬುದು ನಿಜವಾದ ಪ್ರಶ್ನೆ.

ಉಸಿರುಕಟ್ಟುವಿಕೆ ಎಂಬ ಅನುಭವವು ಶ್ವಾಸನಾಳದ ಅಗಲವನ್ನು ಮೆದುಳು ನೇರವಾಗಿ ಓದಿ ಹೇಳುವ ವರದಿಯಲ್ಲ. ಎದೆಯ ಸ್ನಾಯುಗಳಿಂದ, ಶ್ವಾಸಕೋಶದಿಂದ ಬರುವ ಅಸ್ಪಷ್ಟ ಸೂಚನೆಗಳನ್ನು, ಈಗ ಏನಾಗಲಿದೆ ಎಂಬ ತನ್ನ ನಿರೀಕ್ಷೆಯೊಂದಿಗೆ ಬೆರೆಸಿ ಮೆದುಳು ಒಂದು ತೀರ್ಮಾನಕ್ಕೆ ಬರುತ್ತದೆ. ಉಸಿರು ನಿಂತೇಹೋಗುತ್ತದೆ ಎಂಬ ಭಯವಿದ್ದಾಗ ಅದೇ ಸೂಚನೆಗಳು ಭೀಕರವಾಗಿ ಕಾಣುತ್ತವೆ, ಉಸಿರಾಟದ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಂತೆ ಕಷ್ಟವೂ ಹೆಚ್ಚುತ್ತದೆ. ಇನ್ನು ಸರಿಹೋಗುತ್ತದೆ ಎಂಬ ನಿರೀಕ್ಷೆ ಹುಟ್ಟಿದೊಡನೆ ಈ ಸುರುಳಿ ಬಿಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಇನ್ಹೇಲರ್ ಬಳಸಿದವರಲ್ಲಿ ಇನ್ನೊಂದು ಅಂಶವೂ ಸೇರುತ್ತದೆ: ಒತ್ತಿದಾಗಿನ ಸದ್ದು, ಗಂಟಲಿಗೆ ತಾಗುವ ತಂಪು, ಅದರ ಬೆನ್ನಿಗೇ ಬರುವ ಬಿಡುಗಡೆ ಇವು ಒಟ್ಟಿಗೆ ಕಲಿತ ಪಾಠವಾಗಿರುತ್ತವೆ.

ನಿರೀಕ್ಷೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗುವುದಿಲ್ಲ. ವಿಧಿ ಮತ್ತು ಅರ್ಥ ಎಂಬ ಇನ್ನೆರಡು ಎಳೆಗಳಿವೆ. ಮಾನವಶಾಸ್ತ್ರಜ್ಞ ಡೇನಿಯಲ್ ಮೋರ್ಮನ್ ಅವರ ವಾದವೇ ಇದು: ಔಷಧವಿಲ್ಲದ ಗುಳಿಗೆ ಏನನ್ನೂ ಮಾಡಲಾರದು, ಮನುಷ್ಯ ಪ್ರತಿಕ್ರಿಯಿಸುವುದು ಆ ಗುಳಿಗೆಗೆ ತಾನು ಕೊಟ್ಟಿರುವ ಅರ್ಥಕ್ಕೆ. ಬೀದರಿನವರು ಬರೆದದ್ದನ್ನೇ ಈ ಕಣ್ಣಿನಿಂದ ಮತ್ತೆ ಓದಿ. ಊರು ಬಿಟ್ಟು ಹೋಗಬೇಕು. ವರ್ಷಕ್ಕೊಮ್ಮೆ, ನಕ್ಷತ್ರ ನೋಡಿ ನಿಗದಿಯಾದ ದಿನವೇ ಹೋಗಬೇಕು. ತನ್ನಂತೆಯೇ ಏದುಸಿರು ಬಿಡುವ ಸಾವಿರಾರು ಜನರ ನಡುವೆ ಕಾಯಬೇಕು. ದೇಹವೇ ಹಿಂಜರಿಯುವಂತಹ ಒಂದು ಕೆಲಸವನ್ನು, ಅಂದರೆ ಜೀವಂತ ಮೀನನ್ನು ನುಂಗುವುದನ್ನು, ಧೈರ್ಯ ಮಾಡಿ ಮುಗಿಸಬೇಕು. ಕೊಡುವವರು ಹಣ ಕೇಳುವುದಿಲ್ಲವಾದ್ದರಿಂದ ಇವರಿಗೆ ನನ್ನಿಂದ ಲಾಭವೇನು ಎಂಬ ಸಂಶಯ ಏಳುವುದಿಲ್ಲ. ಮನೆಗೆ ಬಂದ ಮೇಲೆ ಪಥ್ಯವು ಈ ಅರ್ಥವನ್ನು ದಿನದಿನವೂ ನೆನಪಿಸುತ್ತದೆ. ಪ್ರಯೋಗಶಾಲೆಯಲ್ಲಿ ಕುಳಿತು ಯಾರೂ ಇಷ್ಟು ಸಮೃದ್ಧವಾದ ವಿಧಿಯನ್ನು ರಚಿಸಲಾರರು.

ಕೋಲಾರದ ಹಿರಿಯ

ನನ್ನದು ಉಬ್ಬಸವಲ್ಲ, ಹೊಟ್ಟೆ. ಐಬಿಎಸ್, ಅಂದರೆ ಕರುಳಿನ ಕಿರಿಕಿರಿಯ ಕಾಯಿಲೆ, ಎಂದು ಹೇಳಿದ್ದಾರೆ. ಪರೀಕ್ಷೆಗಳಲ್ಲಿ ಏನೂ ಸಿಗುವುದಿಲ್ಲ, ನೋವು ಮಾತ್ರ ಬಿಡುವುದಿಲ್ಲ. ದೊಡ್ಡ ಆಸ್ಪತ್ರೆಯೊಂದರಲ್ಲಿ ಮುಖವನ್ನೂ ನೋಡದೆ ಬರೆದುಕೊಟ್ಟ ಗುಳಿಗೆಯಿಂದ ಏನೂ ಆಗಲಿಲ್ಲ. ನಮ್ಮೂರಿನ ಹಳೆಯ ಡಾಕ್ಟರು ಅದೇ ಗುಳಿಗೆಯನ್ನು ಕೊಟ್ಟರು. ಹೊಟ್ಟೆ ಮುಟ್ಟಿ ನೋಡಿ, ಮಗಳ ಮದುವೆಯ ವಿಷಯ ಕೇಳಿ, ಯೋಚಿಸಬೇಡಿ ಇಳಿಯುತ್ತದೆ ಎಂದರು. ಇಳಿಯಿತು. ಅವರ ಕೈಗುಣ ದೊಡ್ಡದು ಎಂದು ಊರೆಲ್ಲ ಹೇಳುತ್ತದೆ. ಇದೂ ನೀವು ಹೇಳುತ್ತಿರುವುದರ ಲೆಕ್ಕಕ್ಕೆ ಬರುತ್ತದೆಯೇ?

ಧಾರವಾಡದ ಅಧ್ಯಾಪಕಿ

ಖಂಡಿತ ಬರುತ್ತದೆ ಸರ್, ನಿಮ್ಮ ಕಾಯಿಲೆಯಲ್ಲಿಯೇ ಅದನ್ನು ಪರೀಕ್ಷಿಸಿದ್ದಾರೆ. ಕ್ಯಾಪ್ಚಕ್ ಅವರ ತಂಡ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಬಿಎಸ್ ಇದ್ದ 262 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನವರು ಸರದಿಗಾಗಿ ಕಾದರು, ಅಷ್ಟೆ. ಎರಡನೆಯ ಗುಂಪಿಗೆ ವಾರಕ್ಕೆ ಎರಡು ಸಲ ಚುಚ್ಚದ ಸೂಜಿಯ ಹುಸಿ ಅಕ್ಯುಪಂಕ್ಚರ್ ಮಾಡಿದರು, ಆದರೆ ಮಾಡುವವರು ಮೊದಲ ಭೇಟಿಯನ್ನು ಐದು ನಿಮಿಷದೊಳಗೆ ಮುಗಿಸಿ, ಹೆಚ್ಚು ಮಾತನಾಡಬಾರದೆಂದು ತಮಗೆ ಸೂಚನೆಯಿದೆ ಎಂದು ಹೇಳಿಬಿಡುತ್ತಿದ್ದರು. ಮೂರನೆಯ ಗುಂಪಿಗೂ ಅದೇ ಹುಸಿ ಸೂಜಿ, ಆದರೆ ಮೊದಲು ಮುಕ್ಕಾಲು ಗಂಟೆ ಕುಳಿತು ಕೇಳುವುದು: ತೊಂದರೆ ಹೇಗೆ ಶುರುವಾಯಿತು, ಮನೆಯಲ್ಲಿ ಏನಾಗುತ್ತಿದೆ, ನಿಮ್ಮ ಪ್ರಕಾರ ಕಾರಣವೇನು. ಇಷ್ಟು ಕೇಳಿದ ಮೇಲೆ, ಯೋಚನೆಯಲ್ಲಿ ಮುಳುಗಿದಂತೆ ಇಪ್ಪತ್ತು ಸೆಕೆಂಡು ಸುಮ್ಮನಿರಬೇಕೆಂಬುದೂ ನಿಯಮದಲ್ಲಿತ್ತು.

ಮೂರು ವಾರಗಳ ಬಳಿಕ ಸಾಕಷ್ಟು ಪರಿಹಾರ ಸಿಕ್ಕಿದೆ ಎಂದವರು ಮೊದಲ ಗುಂಪಿನಲ್ಲಿ ಶೇ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಮೊದಲಿನಿಂದ ಎರಡನೆಯದಕ್ಕೆ ಏರಿದ್ದು ಸೂಜಿಯ ವಿಧಿಯಿಂದ. ಎರಡನೆಯದರಿಂದ ಮೂರನೆಯದಕ್ಕೆ ಏರಿದ್ದು ಮನುಷ್ಯ ಮನುಷ್ಯನನ್ನು ಕೇಳಿಸಿಕೊಂಡದ್ದರಿಂದ. ನಿಮ್ಮೂರಿನ ಡಾಕ್ಟರ ಕೈಗುಣದ ಒಂದು ಪಾಲನ್ನಾದರೂ ಇಲ್ಲಿ ಬಿಡಿಸಿ ತೋರಿಸಿದಂತಾಗಿದೆ ಎಂದು ನನಗೆ ಅನಿಸುತ್ತದೆ.

ಗಣಿತ ಮೇಷ್ಟ್ರು

ಮೂರು ಗುಂಪಿನ ಈ ವಿನ್ಯಾಸ ನನಗೂ ಮೆಚ್ಚುಗೆಯಾಗಿದೆ, ಏಕೆಂದರೆ ಕಳೆಯುವ ಲೆಕ್ಕ ಅದರೊಳಗೇ ಇದೆ. ಒಂದು ಸಂಶಯ ಮಾತ್ರ ಉಳಿಯುತ್ತದೆ. ಮುಕ್ಕಾಲು ಗಂಟೆ ಪ್ರೀತಿಯಿಂದ ಮಾತನಾಡಿದವರಿಗೆ, ಪರಿಹಾರ ಸಿಗಲಿಲ್ಲ ಎಂದು ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಹೇಳಿಕೆಯಲ್ಲಿ ದಾಕ್ಷಿಣ್ಯದ ಪಾಲು ಎಷ್ಟು, ಅನುಭವದ ಪಾಲು ಎಷ್ಟು ಎಂಬುದನ್ನು ಈ ಅಂಕಿಗಳಿಂದ ಬೇರ್ಪಡಿಸಲಾಗದು.

ಧಾರವಾಡದ ಅಧ್ಯಾಪಕಿ

ಈ ಆಕ್ಷೇಪ ನ್ಯಾಯವಾದದ್ದು. ಆದರೆ ಎಲ್ಲವೂ ದಾಕ್ಷಿಣ್ಯವಲ್ಲ ಎನ್ನಲು ನೋವಿನ ಕ್ಷೇತ್ರದಲ್ಲಿ ಪುರಾವೆಯಿದೆ. ಹಲ್ಲು ಕೀಳಿಸಿಕೊಂಡವರ ಮೇಲೆ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹುಸಿ ಔಷಧದಿಂದ ನೋವು ಇಳಿದವರಿಗೆ ನ್ಯಾಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನ್ಯಾಲೋಕ್ಸೋನ್ ಅಫೀಮಿನ ಜಾತಿಯ ರಾಸಾಯನಿಕಗಳ ಕೆಲಸವನ್ನು ತಡೆಯುವ ಮದ್ದು. ರೋಗಿಗಳು ಬರೀ ಸಂಕೋಚಕ್ಕಾಗಿ ವಾಸಿ ಎಂದಿದ್ದರೆ, ಅವರಿಗೆ ತಿಳಿಯದಂತೆ ಕೊಟ್ಟ ಒಂದು ರಾಸಾಯನಿಕ ಆ ಮಾತನ್ನು ಬದಲಿಸುತ್ತಿರಲಿಲ್ಲ. ಮೆದುಳು ತನ್ನದೇ ನೋವುನಿವಾರಕವನ್ನು ಬಿಡುಗಡೆ ಮಾಡಿತ್ತು ಎಂಬುದೇ ಸಮಂಜಸವಾದ ವಿವರಣೆ.

ಶ್ವಾಸನಾಳದ ವಿಷಯದಲ್ಲಿಯೂ ಮನಸ್ಸಿಗೆ ಕೈಯೇ ಇಲ್ಲ ಎನ್ನುವಂತಿಲ್ಲ, ಮೇಡಂ. ಲುಪರೆಲ್ಲೊ ಮತ್ತು ಸಂಗಡಿಗರು 1968ರಲ್ಲಿ 40 ಮಂದಿ ಉಬ್ಬಸದವರಿಗೆ ಬರೀ ಉಪ್ಪುನೀರಿನ ಹಬೆ ಕೊಟ್ಟು, ಇದರಲ್ಲಿ ನಿಮಗೆ ಒಗ್ಗದ ಪದಾರ್ಥವಿದೆ ಎಂದು ಹೇಳಿದಾಗ 19 ಮಂದಿಯ ಶ್ವಾಸನಾಳ ಅಳತೆಗೆ ಸಿಗುವಷ್ಟು ಬಿಗಿಯಿತು. ಅದೇ ಉಪ್ಪುನೀರನ್ನು ಔಷಧವೆಂದು ಕೊಟ್ಟಾಗ ಸಡಿಲವಾಯಿತು.

ಶ್ವಾಸವೈದ್ಯೆ

ಆ ಪ್ರಯೋಗವನ್ನು ನಾನು ಬಲ್ಲೆ, ಅದನ್ನು ಇಲ್ಲಿ ತಂದದ್ದು ಒಳ್ಳೆಯದಾಯಿತು. ಅಲ್ಲಿ ಬಿಗಿದದ್ದು ಸ್ನಾಯು. ಸ್ನಾಯುವಿಗೆ ವೇಗಸ್ ನರದ ಮೂಲಕ ಮೆದುಳಿನಿಂದ ದಾರಿಯಿದೆ. ಭಯ ಅದೇ ದಾರಿಯಲ್ಲಿ ಇಳಿದು ಬಿಗಿಸುತ್ತದೆ, ಭರವಸೆ ಆ ಬಿಗಿತವನ್ನು ಬಿಡಿಸುತ್ತದೆ. ವಾರಗಳಿಂದ ಊದಿಕೊಂಡ ಪದರವನ್ನು, ಕಟ್ಟಿದ ಕಫವನ್ನು ನಿರೀಕ್ಷೆಯೊಂದೇ ಇಳಿಸಿತು ಎಂಬುದಕ್ಕೆ ಅದು ಪುರಾವೆಯಲ್ಲ. ಉಬ್ಬಸದಲ್ಲಿ ಪ್ರಾಣ ತೆಗೆಯುವುದು ಹೆಚ್ಚಾಗಿ ಆ ಊತ ಮತ್ತು ಕಫ.

ಬೀದರಿನ ಓದುಗ

ಎಲ್ಲರ ಮಾತನ್ನೂ ಓದಿ, ಔಷಧದಂಗಡಿಯಿಂದ, ಊದಿದ ಗಾಳಿಯ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ತಂದು ತಮ್ಮನಿಂದ ಬೆಳಿಗ್ಗೆ ಸಂಜೆ ಊದಿಸುತ್ತಿದ್ದೇನೆ. ಹಿಂದೆ ಚೆನ್ನಾಗಿದ್ದಾಗ ವೈದ್ಯರ ಬಳಿ ಅವನು ಊದಿದ ಅತಿ ಹೆಚ್ಚಿನ ಅಂಕಿ 450 ಎಂದು ಹಳೆಯ ಚೀಟಿಯಲ್ಲಿದೆ. ಈಗ ಸಂಜೆ 370ರ ಆಸುಪಾಸು ಬರುತ್ತದೆ, ಬೆಳಿಗ್ಗೆ 300 ಮುಟ್ಟುವುದೂ ಕಷ್ಟ. ಊದುವ ಮೊದಲು ಹೇಗಿದ್ದೀಯ ಎಂದು ಕೇಳಿದರೆ ಆರಾಮ ಇದ್ದೇನೆ ಎನ್ನುತ್ತಾನೆ. ಅಂಕಿ ತೋರಿಸಿದರೆ ಮೀಟರೇ ಸರಿಯಿಲ್ಲ ಎನ್ನುತ್ತಾನೆ.

ಶ್ವಾಸವೈದ್ಯೆ

ಅವನ ಅತ್ಯುತ್ತಮ ಅಂಕಿ 450 ಆದರೆ ಅದರ ಶೇ 80 ಎಂದರೆ 360, ಅರ್ಧ ಎಂದರೆ 225. 360ಕ್ಕಿಂತ ಮೇಲಿದ್ದರೆ ನಾವು ನಿಶ್ಚಿಂತರಾಗಿರುತ್ತೇವೆ. 225ಕ್ಕಿಂತ ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಬೆಳಗಿನ 300 ನಡುವಿನ ಎಚ್ಚರಿಕೆಯ ಪಟ್ಟಿಯಲ್ಲಿದೆ. ಬೆಳಿಗ್ಗೆಗೂ ಸಂಜೆಗೂ ಇಷ್ಟು ಅಂತರವಿರುವುದು ಉಬ್ಬಸ ಹತೋಟಿಯಲ್ಲಿಲ್ಲ ಎಂಬುದರ ಗುರುತು. ಮೀಟರನ್ನು ಅವನು ನಂಬದಿದ್ದರೆ ನೀವೂ ಅವನ ಮುಂದೆ ಊದಿ ತೋರಿಸಿ. ನಿಂತುಕೊಂಡು, ಪೂರ್ತಿ ಉಸಿರೆಳೆದು, ಮೂರು ಸಲ ಊದಿ ಹೆಚ್ಚಿನದನ್ನು ಬರೆದುಕೊಳ್ಳಬೇಕು. ರಾತ್ರಿ ಕೆಮ್ಮಿನಿಂದ ಏಳುತ್ತಾನೆಯೇ, ತುರ್ತಿನ ಇನ್ಹೇಲರನ್ನು ವಾರಕ್ಕೆ ಎಷ್ಟು ಸಲ ಹುಡುಕುತ್ತಾನೆ ಎಂಬುದನ್ನು ಮನೆಯವರಿಂದ ಕೇಳಿ ತಿಳಿಯಿರಿ. ಈ ವಾರದಲ್ಲೇ ಅವನ ವೈದ್ಯರಿಗೆ ತೋರಿಸಿ, ಬಿಟ್ಟ ಇನ್ಹೇಲರಿನ ವಿಷಯವನ್ನು ಮುಚ್ಚಿಡದೆ ಹೇಳಿ.

ತುಂಗಾತೀರ

ಮೇಷ್ಟ್ರ ಲೆಕ್ಕ ನನಗೆ ಅರ್ಥವಾಯಿತು. ಆದರೂ ಒಂದು ಮಾತು. ಇದೆಲ್ಲವನ್ನೂ ತಮ್ಮನಿಗೆ ಬಿಡಿಸಿ ಹೇಳಿದರೆ ಅವನಿಗೆ ಸಿಕ್ಕಿರುವ ಹಿತವೂ ಹೋಗುವುದಿಲ್ಲವೇ? ಗುಟ್ಟು ತಿಳಿದ ಮೇಲೆ ನಂಬಿಕೆ ಉಳಿಯುವುದು ಹೇಗೆ?

ಧಾರವಾಡದ ಅಧ್ಯಾಪಕಿ

ಹೋಗಲೇಬೇಕೆಂದಿಲ್ಲ. ಕ್ಯಾಪ್ಚಕ್ ತಂಡವೇ 2010ರಲ್ಲಿ ಐಬಿಎಸ್ ಇರುವ 80 ಮಂದಿಯಲ್ಲಿ ಒಂದು ಗುಂಪಿಗೆ, ಇದರಲ್ಲಿ ಔಷಧವಿಲ್ಲ ಎಂದು ಮುಂಚೆಯೇ ಹೇಳಿ, ಸೀಸೆಯ ಮೇಲೆ ಪ್ಲಸೀಬೊ ಎಂದು ಬರೆದೇ ಗುಳಿಗೆ ಕೊಟ್ಟಿತು. ಮೂರು ವಾರಗಳ ನಂತರ ಅವರಲ್ಲಿ ಶೇ 59 ಮಂದಿ ಸಾಕಷ್ಟು ಪರಿಹಾರವಾಗಿದೆ ಎಂದರು. ಗುಳಿಗೆಯಿಲ್ಲದೆ ಅಷ್ಟೇ ಆರೈಕೆ ಪಡೆದವರಲ್ಲಿ ಹಾಗೆಂದವರು 35.

ಗಣಿತ ಮೇಷ್ಟ್ರು

ಇದನ್ನು ನಾನು ಇನ್ನೂ ಒಪ್ಪಿಲ್ಲ. ಮನಸ್ಸು ಮತ್ತು ದೇಹದ ಹೊಸ ಬಗೆಯ ಚಿಕಿತ್ಸೆಯ ಅಧ್ಯಯನ ಎಂಬ ಜಾಹೀರಾತು ನೋಡಿ ಬಂದವರು ಅವರು. ಇಂತಹ ಗುಳಿಗೆಗಳಿಂದ ದೇಹ ತಾನೇ ಚೇತರಿಸಿಕೊಳ್ಳುವುದು ಪರೀಕ್ಷೆಗಳಲ್ಲಿ ಕಂಡಿದೆ ಎಂದೂ ಅವರಿಗೆ ಹೇಳಲಾಗಿತ್ತು. ಔಷಧವಿಲ್ಲ ಎಂದು ಹೇಳಿದರೂ ನಿರೀಕ್ಷೆಯನ್ನು ಬಿತ್ತಿಯೇ ಕೊಟ್ಟಂತಾಯಿತು. ಯಾರಿಗೆ ಗುಳಿಗೆ ಸಿಕ್ಕಿದೆ, ಯಾರಿಗಿಲ್ಲ ಎಂಬುದು ರೋಗಿಗಳಿಗೇ ಗೊತ್ತಿದ್ದಾಗ, ಸಿಗದವರ ನಿರಾಸೆಯೂ ಈ ಅಂತರವನ್ನು ಹಿಗ್ಗಿಸಬಲ್ಲದು.

ಧಾರವಾಡದ ಅಧ್ಯಾಪಕಿ

ನಿರೀಕ್ಷೆಯನ್ನು ಬಿತ್ತಿದ್ದು ನಿಜ, ಸುಳ್ಳು ಹೇಳದೆ ಬಿತ್ತಲು ಸಾಧ್ಯವಾಯಿತು ಎಂಬುದೇ ನನಗೆ ಮುಖ್ಯ. ಡಾಕ್ಟರ್ ಮೇಡಂ ಅವರೊಂದಿಗೆ ನನ್ನ ಭಿನ್ನಾಭಿಪ್ರಾಯವೂ ಇಲ್ಲಿಯೇ ಇದೆ. ಉಬ್ಬಸದ ಆ ಪರೀಕ್ಷೆಯ ಜೊತೆಗೇ ಮೋರ್ಮನ್ ಅವರ ಸಂಪಾದಕೀಯವೊಂದು ಪ್ರಕಟವಾಯಿತು. ಜನ ವೈದ್ಯರ ಬಳಿಗೆ ಬರುವುದು ಸ್ಪೈರೋಮೀಟರಿನ ಅಂಕಿ ಕಡಿಮೆಯಾಯಿತೆಂದಲ್ಲ, ಉಸಿರಾಡಲು ಕಷ್ಟವಾಯಿತೆಂದು. ಹಾಗಿರುವಾಗ ಅವರಿಗೆ ಹಿತವೆನಿಸಿದ್ದನ್ನು ಗಣನೆಗೆ ತೆಗೆದುಕೊಳ್ಳದಿರುವುದು ಹೇಗೆ ಸರಿ ಎಂಬುದು ಅದರ ಧಾಟಿ. ನಾನು ಆ ಕಡೆಗೇ ವಾಲುತ್ತೇನೆ.

ಶ್ವಾಸವೈದ್ಯೆ

ಹೊಟ್ಟೆನೋವಿನಲ್ಲಿ, ಬೆನ್ನುನೋವಿನಲ್ಲಿ ನಾನೂ ಮೋರ್ಮನ್ ಅವರ ಕಡೆಯೇ. ಅಲ್ಲಿ ಅನುಭವವೇ ಕಾಯಿಲೆಯ ಮುಖ್ಯ ಭಾಗ. ಉಬ್ಬಸದಲ್ಲಿ ಕಷ್ಟವೆನಿಸುವುದೇ ರೋಗಿಯನ್ನು ಔಷಧದ ಕಡೆಗೆ, ಆಸ್ಪತ್ರೆಯ ಕಡೆಗೆ ಓಡಿಸುವ ಎಚ್ಚರಿಕೆ. ಶ್ವಾಸನಾಳ ಕಿರಿದಾಗಿಯೇ ಇದ್ದು ಎಚ್ಚರಿಕೆ ಮಾತ್ರ ಅಡಗಿದರೆ, ಆ ಹಿತದಿಂದಲೇ ಅಪಾಯ ಹುಟ್ಟುತ್ತದೆ. ತಮ್ಮನಿಗೆ ಪ್ರಸಾದವನ್ನು ಬಿಡು ಎಂದು ನಾನು ಹೇಳುವುದಿಲ್ಲ. ಮುಂದಿನ ಮೃಗಶಿರೆಗೂ ಹೋಗಲಿ, ಇನ್ಹೇಲರನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ.

ಬೀದರಿನ ಓದುಗ

ವೈದ್ಯರ ಬಳಿಗೆ ಹೋಗಿಬಂದೆವು. ಇನ್ಹೇಲರ್ ಮತ್ತೆ ಶುರುವಾಗಿದೆ, ಪಥ್ಯವೂ ನಡೆದಿದೆ. ಬೆಳಗಿನ ಅಂಕಿ ಮೆಲ್ಲಗೆ ಏರುತ್ತಿದೆ. ಏರಿದ್ದು ಪ್ರಸಾದದಿಂದ ಎಂದು ಅಮ್ಮ, ಇನ್ಹೇಲರಿನಿಂದ ಎಂದು ನಾನು. ಮೇಷ್ಟ್ರೇ, ಒಬ್ಬನದೇ ಅಂಕಿಗಳಿಂದ ಇದನ್ನು ತೀರ್ಮಾನಿಸಲು ದಾರಿಯಿದೆಯೇ?

ಗಣಿತ ಮೇಷ್ಟ್ರು

ಪ್ರಸಾದ ವರ್ಷಕ್ಕೆ ಒಂದೇ ಸಲ, ಅದೂ ಮಳೆ ಶುರುವಾಗಿ ಹವೆ, ಧೂಳು, ಪರಾಗ ಎಲ್ಲವೂ ಒಟ್ಟಿಗೆ ಬದಲಾಗುವ ಹೊತ್ತಿನಲ್ಲಿ ಕೊಡುವುದರಿಂದ, ಒಬ್ಬನ ಅಂಕಿಗಳಿಂದ ಅದರ ಪಾಲನ್ನು ಬೇರ್ಪಡಿಸಲಾಗದು. ಇನ್ಹೇಲರನ್ನು ನಿಲ್ಲಿಸಿ ನೋಡುವ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ಮುಂದಿನ ವರ್ಷ ಹೊರಡುವ ಮುನ್ನ ಎರಡು ವಾರ, ಬಂದ ಮೇಲೆ ಎರಡು ವಾರ, ಇನ್ಹೇಲರನ್ನು ಒಂದೇ ಪ್ರಮಾಣದಲ್ಲಿ ಮುಂದುವರಿಸಿಕೊಂಡು, ಊದುವ ಮೊದಲು ಅವನಿಗೆ ಅನಿಸಿದ್ದನ್ನು ಹತ್ತರ ಲೆಕ್ಕದಲ್ಲಿ ಒಂದು ಸಾಲಿನಲ್ಲಿಯೂ ಮೀಟರಿನ ಅಂಕಿಯನ್ನು ಇನ್ನೊಂದು ಸಾಲಿನಲ್ಲಿಯೂ ಬರೆದಿಡಿ. ಪ್ರಸಾದ ಏನು ಮಾಡಿತೆಂದು ಅದರಿಂದ ತಿಳಿಯದು. ಅವನ ಅನಿಸಿಕೆಯೂ ಶ್ವಾಸನಾಳವೂ ಎಷ್ಟು ದೂರ ಒಟ್ಟಿಗೆ ನಡೆಯುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಆ ಎರಡು ಸಾಲುಗಳಲ್ಲಿ ಕಾಣುತ್ತದೆ.